ಕಂತಿನ ಟ್ರ್ಯಾಕ್ಟರಿಗೆ ಒಡೆಯರು ಯಾರು?



ಚಂದ್ರಂಪಳ್ಳಿ ಅಣೆಕಟ್ಟಿನ ಆಸುಪಾಸಿನ ತೊಗರಿ ಬೆಳೆಗಾರರೊಬ್ಬರು 8 ಲಕ್ಷ ರೂಪಾಯಿಯ ಟ್ರ್ಯಾಕ್ಟರಿಗೆ 2 ಲಕ್ಷ ಮುಂಗಡ ಕೊಟ್ಟು, ಉಳಿದುದಕ್ಕೆ ಕಂತಿನ ಕರಾರು ಮಾಡಿಕೊಂಡರೆಂದು ಇಟ್ಟುಕೊಳ್ಳೋಣ. ಆರ್.ಸಿ. ಪುಸ್ತಕದಲ್ಲಿ ಹೆಸರು ಅವರದೇ. ಆದರೂ ಕರಾರು ಹೈರ್ ಪರ್ಚೇಸ್‌ನದಾಗಿದ್ದರೆ, ಕೊನೆಯ ಕಂತು ತೀರುವವರೆಗೆ ಒಡೆತನ ಹಣ ಹೂಡಿದ ಸಂಸ್ಥೆಯದು. ರೈತರು ಬಾಡಿಗೆದಾರರು ಮಾತ್ರ. ಸುಪ್ರೀಂ ಕೋರ್ಟು 2020ರಲ್ಲಿಯೂ ಹೀಗೆಯೇ ಹೇಳಿದೆ. ಹೈಪಾಥಿಕೇಶನ್ ಸಾಲವಾದರೆ ಒಡೆತನ ರೈತರದು, ಟ್ರ್ಯಾಕ್ಟರು ಸಾಲಕ್ಕೆ ಆಧಾರ. ಲೀಸ್ ಆದರೆ ಅವಧಿ ಮುಗಿದರೂ ಒಡೆತನ ತಾನಾಗಿ ಬರುವುದಿಲ್ಲ. ಇದು ಯಾವ ಬಗೆಯ ಕರಾರೆಂಬುದನ್ನು ಆರ್.ಸಿ.ಯಲ್ಲಿರುವ ಷರಾ ಹೇಳುತ್ತದೆ.

ತೊಗರಿ ರಾಶಿಯಾಗುವುದು ಡಿಸೆಂಬರ್-ಜನವರಿಯಲ್ಲಿ. ಕಂತು ಆಗಸ್ಟಿಗೆ ಬಿದ್ದರೆ ತಪ್ಪದೆ ಇನ್ನೇನಾದೀತು? ಸಹಿಗೆ ಮುಂಚೆಯೇ ಅದನ್ನು ಫೆಬ್ರವರಿಗೆ ಹೊಂದಿಸಿಕೊಳ್ಳಬೇಕು.

ಕಂತು ತಪ್ಪಿದಾಗ ಟ್ರ್ಯಾಕ್ಟರನ್ನು ಹಿಂಪಡೆಯುವ ಹಕ್ಕನ್ನು ಸಂಸ್ಥೆ ಕರಾರಿನಲ್ಲಿಯೇ ಬರೆಸಿಕೊಂಡಿರುತ್ತದೆ. ಆದರೆ ಗೂಂಡಾಗಳನ್ನು ಕಳಿಸಿ ಕಸಿಯುವುದನ್ನು ಸುಪ್ರೀಂ ಕೋರ್ಟು 2007ರಲ್ಲಿ ಖಂಡಿಸಿತು. ರಿಸರ್ವ್ ಬ್ಯಾಂಕಿನ ನಿಯಮದಂತೆ ಹಣಕಾಸು ಕಂಪನಿಯ ಕರಾರಿನಲ್ಲಿ ನೋಟೀಸಿನ ಅವಧಿ, ಮಾರುವ ಮೊದಲು ಬಾಕಿ ಕಟ್ಟಲು ಕೊನೆಯ ಅವಕಾಶ, ಹರಾಜಿನ ಕ್ರಮ ಇವೆಲ್ಲ ಇರಬೇಕು. ಸಾಮಾನ್ಯವಾಗಿ ಯಾರೂ ಓದದೆ ಸಹಿ ಹಾಕುವ ಪುಟ ಇದೇ. ಬಾಕಿ ನಾಲ್ಕೂವರೆ ಲಕ್ಷವಿದ್ದು ಹರಾಜಿನಲ್ಲಿ 4 ಲಕ್ಷ ಬಂದರೆ, ಟ್ರ್ಯಾಕ್ಟರೂ ಹೋಗಿ 50,000 ರೂಪಾಯಿ ಸಾಲವೂ ಉಳಿಯುತ್ತದೆ.

ಕಂತೆಲ್ಲ ತೀರಿದ ಮೇಲೆ ಸಂಸ್ಥೆಯ ಸಹಿಯುಳ್ಳ 35ನೇ ನಮೂನೆಯನ್ನು ಆರ್.ಟಿ.ಓ. ಕಚೇರಿಗೆ ಕೊಟ್ಟು ಷರಾ ತೆಗೆಸಬೇಕು. ಅದು ಉಳಿದರೆ ಟ್ರ್ಯಾಕ್ಟರು ಮಾರುವಾಗ ವರ್ಗಾವಣೆ ನಿಲ್ಲುತ್ತದೆ.