ಎಲ್‌ಟಿಎ: ಹೋದ ಬ್ಲಾಕ್‌ನಲ್ಲಿ ಉಳಿದ ಟ್ರಿಪ್ ಎಲ್ಲಿ ಹೋಗುತ್ತೆ?

ಡಿಸೆಂಬರ್ 2025 ಬಂತು. ಸಂಬಳದ ಸ್ಲಿಪ್‌ನಲ್ಲಿ ಎಲ್‌ಟಿಎ ಅಂತ ಒಂದು ಸಾಲು ಇರೋವ್ರಿಗೆ ಈ ತಿಂಗಳು ಸ್ವಲ್ಪ ವಿಶೇಷ, ಯಾಕಂದ್ರೆ 31ನೇ ತಾರೀಕಿಗೆ ಒಂದು ಬ್ಲಾಕ್ ಮುಗಿಯುತ್ತೆ. "ಎರಡು ಟ್ರಿಪ್‌ನಲ್ಲಿ ಒಂದು ಹಾಗೇ ಉಳೀತು, ಹೋಯ್ತಾ?" ಅಂತ ಹೋದ ವಾರವೇ ಇಬ್ಬರು ಸ್ನೇಹಿತರು ಫೋನ್ ಮಾಡಿ ಕೇಳಿದ್ರು. ಹೋಗಿಲ್ಲ. ಆದ್ರೆ ಅದನ್ನ ಸರಿಯಾಗಿ ಬರೆಸದೇ ಇದ್ರೆ ಹೋಗುತ್ತೆ. ನಂದು ಹೋಗೋದ್ರಲ್ಲಿತ್ತು, ಆ ಕಥೆನೇ ಹೇಳ್ತೀನಿ.

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ನೀವು ಹೊಸ ತೆರಿಗೆ ಪದ್ಧತಿ ಆರಿಸ್ಕೊಂಡಿದ್ರೆ ಈ ವಿನಾಯಿತಿ ನಿಮಗಿಲ್ಲ. ಇದು ಹಳೆ ಪದ್ಧತಿಯವರಿಗೆ ಮಾತ್ರ. ಬರೀ ಎಲ್‌ಟಿಎಗೋಸ್ಕರ ಹಳೆ ಪದ್ಧತಿಗೆ ಹೋಗೋದು ನನ್ನ ಪ್ರಕಾರ ಜಾಣತನ ಅಲ್ಲ. ಗೃಹಸಾಲ, ಮನೆ ಬಾಡಿಗೆ ಇವೆಲ್ಲ ಸೇರಿ ಲೆಕ್ಕ ಕೂಡಿದ್ರೆ ಮಾತ್ರ ಅದು ಸರಿ.

ಈಗ ನಿಯಮ. ಆದಾಯ ತೆರಿಗೆ ಕಾಯ್ದೆಯ 10(5)ನೇ ಸೆಕ್ಷನ್, ಅದರ ಜೊತೆಗೆ 2ಬಿ ನಿಯಮ. ನಾಲ್ಕು ವರ್ಷದ ಒಂದು ಬ್ಲಾಕ್, ಅದರಲ್ಲಿ ಎರಡು ಪ್ರಯಾಣಕ್ಕೆ ವಿನಾಯಿತಿ. ಬ್ಲಾಕ್‌ಗಳನ್ನ ಸರ್ಕಾರವೇ ಗೊತ್ತುಮಾಡಿದೆ: 2018ರಿಂದ 2021, ಆಮೇಲೆ 2022ರಿಂದ 2025, ಮುಂದಿನದು 2026ರಿಂದ 2029. ನೀವು ಕೆಲಸಕ್ಕೆ ಸೇರಿದ ವರ್ಷದಿಂದ ಎಣಿಸೋದಲ್ಲ. ಕಂಪನಿ ಬದಲಾಯಿಸಿದ್ರೂ ಬ್ಲಾಕ್ ಹೊಸದಾಗಿ ಶುರುವಾಗಲ್ಲ, ಲೆಕ್ಕ ನಿಮ್ಮ ಹೆಸರಲ್ಲೇ ಮುಂದುವರಿಯುತ್ತೆ. ಮುಖ್ಯವಾಗಿ, ಇವು ಜನವರಿಯಿಂದ ಡಿಸೆಂಬರ್‌ವರೆಗಿನ ಕ್ಯಾಲೆಂಡರ್ ವರ್ಷಗಳು. ತೆರಿಗೆಯಲ್ಲಿ ಉಳಿದದ್ದೆಲ್ಲಾ ಏಪ್ರಿಲ್‌ನಿಂದ ಮಾರ್ಚ್‌ಗೆ ನಡೆಯೋದ್ರಿಂದ ಎಡವೋದು ಇಲ್ಲೇ.

ನನ್ನ ಲೆಕ್ಕ ಹೀಗಿತ್ತು. ನಾವು ಪುಣೆಯಲ್ಲಿರೋರು, ಊರು ಧಾರವಾಡದ ಕಡೆ. 2019ರ ಮೇ ತಿಂಗಳಲ್ಲಿ ಊರಿಗೆ ಹೋಗಿ ಬಂದು ಕ್ಲೇಮ್ ಮಾಡಿದ್ದೆ. ಊರಿಗೆ ಹೋಗೋದು ಪ್ರವಾಸವೇ ಅಂತ ಕೆಲವರು ಕೇಳ್ತಾರೆ. ಹೌದು, ರಜೆ ಹಾಕಿ ಭಾರತದೊಳಗೆ ಎಲ್ಲಿಗೆ ಹೋದ್ರೂ ನಡೆಯುತ್ತೆ, ಅಜ್ಜಿ ಮನೆನೂ ಸೇರಿ. ಆಮೇಲೆ 2020ರಲ್ಲಿ ಕೊರೊನಾ ಬಂತು, 2021 ಮುಗಿದದ್ದೇ ಗೊತ್ತಾಗ್ಲಿಲ್ಲ. ಆ ಬ್ಲಾಕ್‌ನ ಒಂದು ಟ್ರಿಪ್ ಉಳೀತು.

2022ರ ಫೆಬ್ರವರಿಯಲ್ಲಿ ಮೈಸೂರಿಗೆ ಹೋದ್ವಿ. ಮಾರ್ಚ್‌ನಲ್ಲಿ ಟಿಕೆಟ್ ಕೊಟ್ಟೆ, ಹಣ ಬಂತು, ಮರೆತುಬಿಟ್ಟೆ. 2023ರಲ್ಲಿ ಉಡುಪಿ. 2024ರ ಅಕ್ಟೋಬರ್‌ನಲ್ಲಿ ದಿಲ್ಲಿಗೆ ಹೋಗಿ ಬಂದು ಕ್ಲೇಮ್ ಹಾಕಿದ್ರೆ, ನಮ್ಮ ಆಫೀಸಿನ ಪೇರೋಲ್‌ನಿಂದ ಉತ್ತರ: "ಈ ಬ್ಲಾಕ್‌ನ ಎರಡೂ ಪ್ರಯಾಣ ಮುಗಿದಿದೆ, ಪೂರ್ತಿ ಮೊತ್ತಕ್ಕೆ ತೆರಿಗೆ ಕಡಿತ."

ಎಲ್ಲಿ ತಪ್ಪಿತು? ಮೈಸೂರಿನ ಟ್ರಿಪ್ಪನ್ನ ಅವರು 2022–25ರ ಮೊದಲನೇ ಪ್ರಯಾಣ ಅಂತ ಬರ್ಕೊಂಡಿದ್ರು. ಫಾರ್ಮ್‌ನಲ್ಲಿ ಬ್ಲಾಕ್ ಅನ್ನೋ ಕಡೆ ನಾನೇ ಏನೂ ತುಂಬಿರ್ಲಿಲ್ಲ, ಅದೂ ನಿಜ. ಆದ್ರೆ 2ಬಿ ನಿಯಮದ ಮೂರನೇ ಉಪನಿಯಮ ಹೇಳೋದು ಬೇರೆ. ಹಿಂದಿನ ಬ್ಲಾಕ್‌ನಲ್ಲಿ ಬಳಸದೇ ಉಳಿದಿದ್ರೆ, ಹೊಸ ಬ್ಲಾಕ್‌ನ ಮೊದಲನೇ ಕ್ಯಾಲೆಂಡರ್ ವರ್ಷದಲ್ಲಿ ಮೊದಲು ಮಾಡಿದ ಪ್ರಯಾಣ ಆ ಹಳೇ ಬಾಕಿಗೆ ಸೇರುತ್ತೆ. ಹೊಸ ಬ್ಲಾಕ್‌ನ ಎರಡರಲ್ಲಿ ಅದನ್ನ ಎಣಿಸಬಾರದು ಅಂತ ಅದರ ವಿವರಣೆಯಲ್ಲೇ ಇದೆ. ಅಂದ್ರೆ ಮೈಸೂರು ಹಳೇ ಬ್ಲಾಕ್‌ಗೆ, ಉಡುಪಿ ಹೊಸದರ ಒಂದನೇದು, ದಿಲ್ಲಿ ಎರಡನೇದು. ಪೇರೋಲ್‌ನವರಿಗೆ ಈ ಉಪನಿಯಮದ ಪ್ರತಿ, 2018–21ರಲ್ಲಿ ಒಂದೇ ಕ್ಲೇಮ್ ಆಗಿದ್ದಕ್ಕೆ ಹಳೇ ಫಾರ್ಮ್ 12ಬಿಬಿ, ಎರಡನ್ನೂ ಮೇಲ್ ಮಾಡಿದೆ. ಎರಡು ಸಲ ಹೇಳ್ಬೇಕಾಯ್ತು, ಆಮೇಲೆ ಸರಿಮಾಡಿದ್ರು.

ಎಷ್ಟು ಹಣದ ಮಾತು ಅದು? ಆ ವರ್ಷ ನನ್ನ ಎಲ್‌ಟಿಎ 36,000 ರೂಪಾಯಿ. ನಾನು, ಹೆಂಡತಿ, ಇಬ್ಬರು ಮಕ್ಕಳು, ಹೋಗಿ ಬರೋ ವಿಮಾನದ ಟಿಕೆಟ್ 31,000. ಅಪ್ಪನೂ ಬಂದಿದ್ರು, ಆದ್ರೆ ಅವರು ಅವರದೇ ಪೆನ್ಷನ್ ಮೇಲೆ ಇರೋರು. ಅಪ್ಪ ಅಮ್ಮ, ಅಣ್ಣ ತಮ್ಮ, ಅಕ್ಕ ತಂಗಿ ನಿಮ್ಮ ಮೇಲೇ ಅವಲಂಬಿತರಾಗಿದ್ರೆ ಮಾತ್ರ ಲೆಕ್ಕಕ್ಕೆ ಬರ್ತಾರೆ, ಹಾಗಾಗಿ ಅವರ ಟಿಕೆಟ್ ಸೇರಿಸ್ಲಿಲ್ಲ. ಹೋಟೆಲ್, ಟ್ಯಾಕ್ಸಿ, ಊಟ ಎಲ್ಲ ಸೇರಿ ಇನ್ನೊಂದು 28,000 ಆಗಿತ್ತು, ಅದೂ ಬರಲ್ಲ. ಇದು ಪ್ರಯಾಣದ ಟಿಕೆಟ್‌ಗೆ ಮಾತ್ರ, ಅದೂ ಕಡಿಮೆ ದೂರದ ದಾರಿಯಲ್ಲಿ ವಿಮಾನವಾದ್ರೆ ಎಕಾನಮಿ ದರ, ರೈಲಾದ್ರೆ ಎಸಿ ಫಸ್ಟ್ ಕ್ಲಾಸ್ ದರದ ಮಿತಿಯೊಳಗೆ. ಹಾಗಾಗಿ 31,000ಕ್ಕೆ ವಿನಾಯಿತಿ, ಉಳಿದ 5,000ಕ್ಕೆ ತೆರಿಗೆ. ನಾನು ಶೇಕಡಾ 20ರ ಸ್ಲ್ಯಾಬ್, ಸೆಸ್ ಸೇರಿ 20.8. ಉಳಿದದ್ದು 6,448 ರೂಪಾಯಿ. ಬ್ಲಾಕ್‌ನ ಒಂದು ಕಾಲಮ್ ತಪ್ಪಾಗಿದ್ದಕ್ಕೆ ಇಷ್ಟು ಹೋಗ್ತಿತ್ತು.

ಈಗ ನಿಮ್ಮ ವಿಷಯಕ್ಕೆ ಬರ್ತೀನಿ. 2022–25ರಲ್ಲಿ ಒಂದೇ ಟ್ರಿಪ್ ಕ್ಲೇಮ್ ಆಗಿದ್ರೆ, 2026ರ ಡಿಸೆಂಬರ್ 31ರೊಳಗೆ ಹೋಗಿ ಬನ್ನಿ. 2027ಕ್ಕೆ ದಾಟಿದ್ರೆ ಆ ಬಾಕಿ ಮುಗೀತು. ಎರಡೂ ಉಳಿದಿದ್ರೂ ಮುಂದಕ್ಕೆ ಬರೋದು ಒಂದೇ. ಹಾಗಾಗಿ ಎರಡೂ ಉಳಿಸ್ಕೊಂಡಿರೋರಿಗೆ, ರಜೆ ಸಿಕ್ಕಿದ್ರೆ, ಈ ಡಿಸೆಂಬರ್‌ನಲ್ಲೇ ಒಂದು ಮುಗಿಸೋದು ಒಳ್ಳೇದು ಅಂತೀನಿ. ಡಿಸೆಂಬರ್ 29ಕ್ಕೆ ಹೊರಟು ಜನವರಿ 3ಕ್ಕೆ ಬರೋ ಟಿಕೆಟ್ ಮಾತ್ರ ಮಾಡಿಸ್ಬೇಡಿ, ಯಾವ ಬ್ಲಾಕ್ ಅಂತ ಪೇರೋಲ್‌ನವರ ಜೊತೆ ವಾದ ಮಾಡೋಕೆ ಯಾರಿಗೆ ಪುರುಸೊತ್ತು.

ಇನ್ನೊಂದು ವಿಷಯ, ಇದನ್ನ ಬಹಳ ಜನ ತಪ್ಪು ತಿಳ್ಕೊಂಡಿರ್ತಾರೆ. ಮುಂದಕ್ಕೆ ಬರೋದು ವಿನಾಯಿತಿಯ ಹಕ್ಕು, ಹಣ ಅಲ್ಲ. ನಿಮ್ಮ ಕಂಪನಿ ಪ್ರತಿ ವರ್ಷ ಎಲ್‌ಟಿಎಯನ್ನ ತೆರಿಗೆ ಕಡಿದು ಸಂಬಳದ ಜೊತೆ ಕೊಟ್ಟುಬಿಟ್ಟಿದ್ರೆ, 2024ರ ಆ ಹಣಕ್ಕೆ 2026ರ ಟಿಕೆಟ್ ತೋರಿಸೋಕೆ ಆಗಲ್ಲ. ನೀವು ಪ್ರಯಾಣ ಮಾಡಿದ ವರ್ಷ ಬರೋ ಎಲ್‌ಟಿಎಗಷ್ಟೇ ಅದು ಅನ್ವಯ. ಕೆಲವು ಕಂಪನಿಗಳು ಕ್ಲೇಮ್ ಮಾಡೋವರೆಗೂ ಮೊತ್ತ ಕೂಡಿಟ್ಟು ಒಟ್ಟಿಗೆ ಕೊಡ್ತಾರೆ, ಅಲ್ಲಿ ಲಾಭ ಜಾಸ್ತಿ. ನಿಮ್ಮಲ್ಲಿ ಹೇಗೆ ಅಂತ ಎಚ್‌ಆರ್‌ಗೆ ಈಗಲೇ ಒಂದು ಮೇಲ್ ಹಾಕಿ.

ಜನವರಿಯಿಂದ ಮಾರ್ಚ್ 2026ರೊಳಗೆ ಹೋಗಿ ಬಂದ್ರೆ, ಅದು ಹೊಸ ಬ್ಲಾಕ್‌ನ ಮೊದಲ ವರ್ಷವೇ ಆದ್ರೂ ತೆರಿಗೆ ಲೆಕ್ಕದಲ್ಲಿ 2025–26. ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬರುತ್ತೆ, ಸೆಕ್ಷನ್ ನಂಬರ್‌ಗಳು ಬದಲಾಗ್ತವೆ. ಅದಕ್ಕೇ ನಾನಾದ್ರೆ ಮಾರ್ಚ್‌ಗೆ ಮೊದಲೇ ಹೋಗಿ ಬರ್ತೀನಿ. ಕ್ಲೇಮ್ ಕೊಡುವಾಗ ಫಾರ್ಮ್ 12ಬಿಬಿ ಜೊತೆ ಒಂದು ಸಾಲಿನ ಪತ್ರ ಇಡಿ: "ಇದು 2022–25ನೇ ಬ್ಲಾಕ್‌ನ ಬಾಕಿ ಪ್ರಯಾಣ, 2ಬಿ(3) ನಿಯಮದಂತೆ." ಟಿಕೆಟ್, ಬೋರ್ಡಿಂಗ್ ಪಾಸ್, ರಜೆ ಮಂಜೂರಾದ ಮೇಲ್, ಎಲ್ಲದರ ಒಂದು ಪ್ರತಿ ನಿಮ್ಮ ಹತ್ರನೂ ಇರಲಿ. ನಂದು ಸರಿಹೋಗಿದ್ದು ಹಳೇ 12ಬಿಬಿ ಒಂದು ಫೋಲ್ಡರ್‌ನಲ್ಲಿ ಸಿಕ್ಕಿದ್ದಕ್ಕೆ.