ಚಂದ್ರನಿಗೆ ದಾರಿ ಹುಡುಕುವ ಆಟ



ನಿಮ್ಮ ಮನೆಯಲ್ಲಿ ಆಕಾಶದ ಹುಚ್ಚು ಹಿಡಿದ ಹತ್ತು ವರ್ಷದ ಮಗು ಇದ್ದರೆ ಒಂದು ಪ್ರಶ್ನೆ ಕೇಳಿ ನೋಡಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಗಗನಯಾತ್ರಿಗಳು ತೇಲಾಡುವುದೇಕೆ? ‘ಅಲ್ಲಿ ಗುರುತ್ವಾಕರ್ಷಣೆ ಇಲ್ಲ’ ಎಂಬ ಉತ್ತರ ತಟ್ಟನೆ ಬರುತ್ತದೆ. ದೊಡ್ಡವರಲ್ಲೂ ಬಹಳ ಮಂದಿ ಹಾಗೇ ತಿಳಿದಿರುತ್ತಾರೆ. ನಿಜವೇನೆಂದರೆ, ನಿಲ್ದಾಣವಿರುವ 400 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಸೆಳೆತ ಇಲ್ಲಿಯದರ ಶೇಕಡ 90ರಷ್ಟು ಇದ್ದೇ ಇದೆ. ನಿಲ್ದಾಣವೂ ಅದರೊಳಗಿನ ಜನರೂ ಒಟ್ಟಿಗೆ ಬೀಳುತ್ತಲೇ ಇದ್ದಾರೆ. ಆದರೆ ಸೆಕೆಂಡಿಗೆ ಏಳೂವರೆ ಕಿಲೋಮೀಟರಿಗೂ ಮಿಕ್ಕಿದ ವೇಗದಲ್ಲಿ ಪಕ್ಕಕ್ಕೂ ಓಡುತ್ತಿರುವುದರಿಂದ, ಬಿದ್ದಷ್ಟೂ ನೆಲ ಕೆಳಗೆ ಬಾಗುತ್ತಾ ಹೋಗುತ್ತದೆ. ಅವರು ನೆಲಕ್ಕೆ ತಾಗುವುದೇ ಇಲ್ಲ.

ಇದನ್ನು ಪುಸ್ತಕ ಹೇಳಿದರೆ ಮಗು ತಲೆಯಾಡಿಸುತ್ತದೆ, ಮರುವಾರ ಮರೆಯುತ್ತದೆ. ಒಂದು ಕಂಪ್ಯೂಟರ್ ಆಟ ಮಾತ್ರ ಇದನ್ನು ಕೈಗೇ ಕಲಿಸಿಬಿಡುತ್ತದೆ. ಅದರ ಹೆಸರು ಕರ್ಬಲ್ ಸ್ಪೇಸ್ ಪ್ರೋಗ್ರಾಂ. ಮೆಕ್ಸಿಕೋ ದೇಶದ ಸ್ಕ್ವಾಡ್ ಎಂಬ ಸಂಸ್ಥೆಯಲ್ಲಿ ಹುಟ್ಟಿ, 2011ರಲ್ಲಿ ಮೊದಲ ಬಾರಿಗೆ ಜನರ ಕೈಗೆ ಬಂದದ್ದು. ಇದರಲ್ಲಿ ಶತ್ರುಗಳಿಲ್ಲ, ಬಂದೂಕಿಲ್ಲ. ಕರ್ಬಿನ್ ಎಂಬ ಗ್ರಹ, ಅದರಲ್ಲಿ ಹಸಿರು ಮೈಯ ಪುಟ್ಟ ಕರ್ಬಲ್‌ಗಳು, ಅವರಿಗೊಂದು ರಾಕೆಟ್ ಕಟ್ಟುವ ಶೆಡ್ಡು, ಒಂದು ಉಡಾವಣಾ ಕಟ್ಟೆ. ರಾಕೆಟ್ ಸಿಡಿದರೆ ಹೊಗೆ ಏಳುತ್ತದೆ, ರಕ್ತ ಕಾಣುವುದಿಲ್ಲ. ಒಂದು ಗುಂಡಿ ಒತ್ತಿದರೆ ಮತ್ತೆ ಕಟ್ಟೆಗೆ ಹಿಂತಿರುಗಬಹುದು. ಮೃದು ಸ್ವಭಾವದ ಮಗುವಿಗೂ ಧೈರ್ಯವಾಗಿ ಕೊಡಬಹುದಾದ ಆಟ ಇದು.

ಮೊದಲ ದಿನ ಪ್ರತಿ ಮಗುವೂ ಮಾಡುವುದು ಒಂದೇ: ರಾಕೆಟ್ಟನ್ನು ನೆಟ್ಟಗೆ ಮೇಲಕ್ಕೆ ಹಾರಿಸುವುದು. ಕರ್ಬಿನ್ನಿನ ವಾಯುಮಂಡಲ 70 ಕಿಲೋಮೀಟರಿಗೆ ಮುಗಿಯುತ್ತದೆ. ಒಂದು ಸಾಧಾರಣ ರಾಕೆಟ್ ಅದನ್ನು ಸುಲಭವಾಗಿ ದಾಟುತ್ತದೆ. ಆಕಾಶ ಕಪ್ಪಾಗುತ್ತದೆ, ನಕ್ಷತ್ರಗಳು ಕಾಣುತ್ತವೆ, ಮಗು ಕುಣಿಯುತ್ತದೆ. ಇಂಧನ ಮುಗಿದ ಮೇಲೆ ರಾಕೆಟ್ ನಿಧಾನವಾಗಿ, ಒಂದು ಗಳಿಗೆ ನಿಂತಂತಾಗಿ, ಹೋದ ದಾರಿಯಲ್ಲೇ ಕೆಳಗಿಳಿಯುತ್ತದೆ. ‘ಬಾಹ್ಯಾಕಾಶಕ್ಕೆ ಹೋಗಿದ್ದೆನಲ್ಲ, ಯಾಕೆ ಬಿತ್ತು?’ ಈ ಪ್ರಶ್ನೆ ಮಗುವಿನ ಬಾಯಿಂದಲೇ ಬರಲಿ. ನೀವು ಉತ್ತರ ಹೇಳುವ ಆತುರ ಮಾಡಬೇಡಿ.

ಉತ್ತರ ಇರುವುದು ಪರದೆಯ ಕೆಳಭಾಗದಲ್ಲಿರುವ ಗೋಲದಲ್ಲಿ. ಅರ್ಧ ನೀಲಿ, ಅರ್ಧ ಕಂದು ಬಣ್ಣದ ಚೆಂಡು ಅದು. ನೀಲಿ ಎಂದರೆ ಆಕಾಶ, ಕಂದು ಎಂದರೆ ನೆಲ. ಅದರ ಮೇಲೊಂದು ಹಳದಿ ವೃತ್ತದ ಗುರುತು ಓಡಾಡುತ್ತಿರುತ್ತದೆ. ರಾಕೆಟ್ ನಿಜವಾಗಿ ಯಾವ ಕಡೆಗೆ ಸಾಗುತ್ತಿದೆ ಎಂಬುದನ್ನು ಅದು ತೋರಿಸುತ್ತದೆ. ಮೂತಿ ಒಂದು ಕಡೆ, ಸಾಗುವ ದಿಕ್ಕು ಇನ್ನೊಂದು ಕಡೆ ಇರಬಹುದು. ಇದು ಮಗುವಿಗೆ ಹೊಸ ವಿಷಯ.

ಎರಡನೆಯ ರಾಕೆಟ್ಟನ್ನು ಹೀಗೆ ಹಾರಿಸಲಿ. ನೆಟ್ಟಗೆ ಏರಿ ವೇಗ ಸೆಕೆಂಡಿಗೆ 100 ಮೀಟರಿನಷ್ಟಾದಾಗ, ಮೂತಿಯನ್ನು ಪೂರ್ವಕ್ಕೆ ಸ್ವಲ್ಪವೇ ಬಾಗಿಸಬೇಕು. ಪೂರ್ವಕ್ಕೇ ಏಕೆ ಎಂದರೆ, ಗ್ರಹ ಪೂರ್ವಕ್ಕೆ ತಿರುಗುತ್ತಿದೆ. ಆ ವೇಗ ರಾಕೆಟ್ಟಿಗೆ ಪುಕ್ಕಟೆಯಾಗಿ ಸಿಗುತ್ತದೆ. ನಮ್ಮ ಶ್ರೀಹರಿಕೋಟಾದ ನೆಲವೂ ಹೀಗೆಯೇ ಸೆಕೆಂಡಿಗೆ ಸುಮಾರು 450 ಮೀಟರ್ ವೇಗದಲ್ಲಿ ಪೂರ್ವಕ್ಕೆ ಸಾಗುತ್ತಿದೆ. ಆಮೇಲೆ ಹಳದಿ ಗುರುತಿನ ಹತ್ತಿರವೇ ಮೂತಿ ಇಟ್ಟುಕೊಂಡು ನಿಧಾನವಾಗಿ ವಾಲುತ್ತಾ ಹೋದರೆ, 10 ಕಿಲೋಮೀಟರ್ ಎತ್ತರದ ಹೊತ್ತಿಗೆ ರಾಕೆಟ್ ಸುಮಾರು 45 ಡಿಗ್ರಿ ಬಾಗಿರುತ್ತದೆ. ಈಗ M ಕೀಲಿ ಒತ್ತಿದರೆ ನಕ್ಷೆ ತೆರೆದು, ಹೋಗುವ ದಾರಿ ಒಂದು ಕಮಾನಿನಂತೆ ಕಾಣುತ್ತದೆ. ಕಮಾನಿನ ನೆತ್ತಿಯಲ್ಲಿ Ap ಎಂದು ಬರೆದಿರುತ್ತದೆ. ಅದು 80 ಕಿಲೋಮೀಟರ್ ಮುಟ್ಟಿದ ಕೂಡಲೇ X ಒತ್ತಿ ಎಂಜಿನ್ ನಿಲ್ಲಿಸಬೇಕು.

ಇಲ್ಲಿ ಕೈಕಟ್ಟಿ ಕೂರುವುದೇ ಕಷ್ಟ. ರಾಕೆಟ್ ತಾನಾಗಿ ಆ ನೆತ್ತಿಗೆ ಏರುವವರೆಗೆ ಕಾಯಬೇಕು. ನೆತ್ತಿ ಹತ್ತಿರವಾದಾಗ ಮೂತಿಯನ್ನು ದಿಗಂತಕ್ಕೆ ಸಮನಾಗಿ ಮಲಗಿಸಿ ಮತ್ತೆ ಎಂಜಿನ್ ಉರಿಸಬೇಕು. ಆಗ ನಕ್ಷೆಯಲ್ಲಿ ನಡೆಯುವುದನ್ನು ನೋಡಬೇಕು. ಕಮಾನು ಅಗಲವಾಗುತ್ತಾ ಗ್ರಹದ ಆಚೆ ಬದಿಯವರೆಗೆ ಹಬ್ಬಿ, ನೆಲದೊಳಗಿದ್ದ ತುದಿ ಮೇಲೆದ್ದು ಬಂದು, ಪೂರ್ತಿ ಉಂಗುರವಾಗುತ್ತದೆ. ಆಚೆ ತುದಿಯ Pe ಗುರುತು 70 ಕಿಲೋಮೀಟರಿಗಿಂತ ಮೇಲೆ ಬಂದಿತೆಂದರೆ ಕಕ್ಷೆ ಸಿಕ್ಕಿತು. ವೇಗ ನೋಡಿದರೆ ಸೆಕೆಂಡಿಗೆ ಸುಮಾರು 2,280 ಮೀಟರ್, ಎಲ್ಲವೂ ಅಡ್ಡಡ್ಡ. ಎಂಜಿನ್ ನಿಂತಿದೆ, ರಾಕೆಟ್ ಬೀಳುತ್ತಲೇ ಇದೆ, ನೆಲಕ್ಕೆ ಮಾತ್ರ ತಾಗುತ್ತಿಲ್ಲ. ಮೊದಲು ಕೇಳಿದ ಪ್ರಶ್ನೆಯನ್ನು ಈಗ ಕೇಳಿ, ಮಗುವೇ ಬಿಡಿಸಿ ಹೇಳುತ್ತದೆ.

ಇಷ್ಟಕ್ಕೆ ಬರುವ ಮೊದಲು ರಾಕೆಟ್ ಹಲವು ಸಲ ಪಲ್ಟಿ ಹೊಡೆಯುವುದು ಖಂಡಿತ. ಕಾರಣ ಬಹುಮಟ್ಟಿಗೆ ಎರಡೇ. ಕೆಳಗಿನ ದಟ್ಟ ಗಾಳಿಯಲ್ಲೇ ಮೂತಿಯನ್ನು ಜೋರಾಗಿ ತಿರುಗಿಸಿ ಹಳದಿ ಗುರುತಿನಿಂದ ದೂರ ಒಯ್ದಿರುತ್ತಾರೆ, ಇಲ್ಲವೇ ರಾಕೆಟ್ಟಿನ ಬುಡಕ್ಕೆ ರೆಕ್ಕೆ ಹಾಕಿರುವುದಿಲ್ಲ. ಇನ್ನೊಂದು ತೊಂದರೆ ಹಂತಗಳ ಪಟ್ಟಿಯದು. ಸ್ಪೇಸ್‌ಬಾರ್ ಒಂದೊಂದು ಸಲ ಒತ್ತಿದಾಗಲೂ ಪಟ್ಟಿಯ ಒಂದೊಂದು ಹಂತ, ಕೆಳಗಿನಿಂದ ಮೇಲಕ್ಕೆ, ಕೆಲಸ ಮಾಡುತ್ತದೆ. ಎಂಜಿನ್ ಇರುವ ಹಂತಕ್ಕೇ ಪ್ಯಾರಾಚೂಟ್ ಸೇರಿಕೊಂಡಿದ್ದರೆ ಎರಡೂ ಒಟ್ಟಿಗೆ ಚಾಲೂ ಆಗುತ್ತವೆ. ಹಾರಿಸುವ ಮೊದಲು ಆ ಪಟ್ಟಿಯನ್ನು ಮಗು ಬೆರಳಿಟ್ಟು ಓದಿ ಹೇಳುವ ಅಭ್ಯಾಸ ಮಾಡಿಸಿ.

ಕಕ್ಷೆ ಸಿಕ್ಕ ಮೇಲೆ ನಮ್ಮ ಚಂದ್ರಯಾನ-3 ಹೋದ ದಾರಿಯನ್ನೇ ಆಡಿಸಬಹುದು. ಈ ಆಟದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಇದು. 2023ರ ಜುಲೈ 14ರಂದು ಹೊರಟ ನಮ್ಮ ನೌಕೆ ನೇರವಾಗಿ ಚಂದ್ರನತ್ತ ಹಾರಲಿಲ್ಲ. ಮೊದಲು ಭೂಮಿಯ ಸುತ್ತ ಉದ್ದನೆಯ ಮೊಟ್ಟೆಯಾಕಾರದ ಕಕ್ಷೆ ಹಿಡಿಯಿತು. ಹತ್ತಿರದ ತುದಿ 170 ಕಿಲೋಮೀಟರ್, ದೂರದ ತುದಿ ಸುಮಾರು 36,500 ಕಿಲೋಮೀಟರ್. ಆಮೇಲೆ ಬೆಂಗಳೂರಿನ ನಿಯಂತ್ರಣ ಕೇಂದ್ರದ ಆಜ್ಞೆಯಂತೆ ಹನ್ನೊಂದು ದಿನಗಳಲ್ಲಿ ಐದು ಸಲ ಎಂಜಿನ್ ಉರಿಸಿ, ದೂರದ ತುದಿಯನ್ನು 1,27,600 ಕಿಲೋಮೀಟರಿನವರೆಗೆ ಒಯ್ದರು. ನೌಕೆಯ ಎಂಜಿನ್ ಸಣ್ಣದು. ಒಂದೇ ಉಸಿರಿಗೆ ಉರಿಸಹೋದರೆ, ಮುಗಿಯುವಷ್ಟರಲ್ಲಿ ನೌಕೆ ಹತ್ತಿರದ ತುದಿಯನ್ನು ದಾಟಿ ಎಲ್ಲಿಗೋ ಹೋಗಿರುತ್ತದೆ, ಇಂಧನ ಪೋಲಾಗುತ್ತದೆ. ಜೋಕಾಲಿ ಕೆಳಗೆ ಬಂದಾಗಲೆಲ್ಲ ಒಂದೊಂದು ನೂಕು ಕೊಡುತ್ತೇವಲ್ಲ, ಹಾಗೆ. ಆಗಸ್ಟ್ 1ಕ್ಕೆ ಕೊನೆಯ ನೂಕು, ಆಗಸ್ಟ್ 5ಕ್ಕೆ ಚಂದ್ರನ ಕಕ್ಷೆ, 23ಕ್ಕೆ ಇಳಿದದ್ದು.

ಆಟದಲ್ಲಿ ಚಂದ್ರನ ಹೆಸರು ಮುನ್. ಅದು 12,000 ಕಿಲೋಮೀಟರ್ ದೂರದಲ್ಲಿ ಸುತ್ತುತ್ತದೆ. ಸಣ್ಣ ಎಂಜಿನ್ ಹಾಕಿಕೊಂಡು, Pe ಗುರುತಿಗೆ ಬಂದಾಗಲೆಲ್ಲ ಸ್ವಲ್ಪ ಸ್ವಲ್ಪ ಉರಿಸಿದರೆ ಆಚೆ ಬದಿಯ Ap ದೂರ ಹೋಗುವುದು ನಕ್ಷೆಯಲ್ಲಿ ಕಾಣುತ್ತದೆ. ಇಲ್ಲಿ ಉರಿಸಿದರೆ ಅಲ್ಲಿ ಎತ್ತರವಾಗುತ್ತದೆ ಎಂಬುದು ಕಕ್ಷೆಯ ದೊಡ್ಡ ಗುಟ್ಟು. ದೊಡ್ಡ ಎಂಜಿನ್ ಇದ್ದರೆ ಒಂದೇ ಸಲಕ್ಕೂ ಹೋಗಬಹುದು. 80 ಕಿಲೋಮೀಟರ್ ಕಕ್ಷೆಯಲ್ಲಿ ಸುತ್ತುತ್ತಾ, ಮುನ್ ದಿಗಂತದಲ್ಲಿ ಮೂಡುವ ಹೊತ್ತಿಗೆ ಎಂಜಿನ್ ಹೊತ್ತಿಸಿ, ವೇಗವನ್ನು ಸೆಕೆಂಡಿಗೆ ಸುಮಾರು 860 ಮೀಟರ್ ಹೆಚ್ಚಿಸಿದರಾಯಿತು. ಗುರಿ ಇಡುವುದು ಮುನ್ ಈಗಿರುವ ಜಾಗಕ್ಕಲ್ಲ, ನಾವು ತಲುಪುವಾಗ ಅದು ಇರುವ ಜಾಗಕ್ಕೆ. ಹತ್ತಿರ ಹೋದ ಮೇಲೆ ಹಿಮ್ಮುಖವಾಗಿ ಉರಿಸಿ ವೇಗ ತಗ್ಗಿಸದಿದ್ದರೆ ಮುನ್ ನೌಕೆಯನ್ನು ಹಿಡಿದಿಟ್ಟುಕೊಳ್ಳುವುದಿಲ್ಲ, ನೌಕೆ ಪಕ್ಕದಿಂದ ಹಾದುಹೋಗಿಬಿಡುತ್ತದೆ. ಇನ್ನು ಇಳಿಯುವಾಗ ಅನೇಕ ಮಕ್ಕಳು ಪ್ಯಾರಾಚೂಟ್ ನಂಬಿಕೊಂಡಿರುತ್ತಾರೆ. ಮುನ್‌ನಲ್ಲಿ ಗಾಳಿಯೇ ಇಲ್ಲ, ಹಾಗಾಗಿ ಅದು ಅಲ್ಲಿ ಬರೀ ಬಟ್ಟೆ. ವಿಕ್ರಮ್ ಲ್ಯಾಂಡರ್ ಕಾಲುಗಳ ನಡುವೆ ಎಂಜಿನ್ ಹೊತ್ತುಕೊಂಡು ಇಳಿದದ್ದು ಏಕೆಂದು ಆಗ ತಿಳಿಯುತ್ತದೆ. ಇಳಿಯುವುದು ತೀರಾ ಕಷ್ಟವಾದರೆ ಮಿನ್ಮಸ್ ಎಂಬ ಇನ್ನೊಂದು ಪುಟ್ಟ ಚಂದ್ರ ಇದೆ. ದೂರ ಹೆಚ್ಚು, ಆದರೆ ಸೆಳೆತ ಬಹಳ ಕಡಿಮೆ, ಇಳಿಯುವುದು ಮುನ್‌ಗಿಂತ ಸುಲಭ.

ಆಟ ಎಲ್ಲೆಲ್ಲಿ ನಿಜದಿಂದ ದೂರ ಸರಿದಿದೆ ಎಂಬುದನ್ನೂ ಮಗುವಿಗೆ ಹೇಳಲೇಬೇಕು. ಕರ್ಬಿನ್ನಿನ ತ್ರಿಜ್ಯ ಬರೀ 600 ಕಿಲೋಮೀಟರ್, ಭೂಮಿಯ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಆದರೂ ನೆಲದ ಮೇಲಿನ ಸೆಳೆತ ಮಾತ್ರ ಭೂಮಿಯಷ್ಟೇ. ಅಂಥ ಗ್ರಹ ನಿಜವಾಗಿ ಇರಲಾರದು. ಆಟ ಬೇಗ ಮುಗಿಯಲೆಂದು ಮಾಡಿಕೊಂಡ ಅನುಕೂಲ ಅದು. ಅಕ್ಷ ವಾಲಿಲ್ಲವಾದ್ದರಿಂದ ಅಲ್ಲಿ ಋತುಗಳಿಲ್ಲ. ಇವೆಲ್ಲಕ್ಕಿಂತ ಮುಖ್ಯವಾದ ಕೊರತೆ ಒಂದಿದೆ. ಆಟದಲ್ಲಿ ನೌಕೆಯನ್ನು ಒಂದು ಹೊತ್ತಿಗೆ ಒಂದೇ ಕಾಯ ಎಳೆಯುತ್ತದೆ. ನಮ್ಮ ಆದಿತ್ಯ-ಎಲ್1 ನೌಕೆ 2024ರ ಜನವರಿಯಲ್ಲಿ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ಒಂದು ಬಿಂದುವನ್ನು ಸುತ್ತುವ ಕಕ್ಷೆಗೆ ಸೇರಿತು. ಸೂರ್ಯ ಮತ್ತು ಭೂಮಿ ಎರಡರ ಸೆಳೆತವೂ ಕೂಡಿದ್ದರಿಂದಲೇ ಅಂಥ ಬಿಂದು ಉಂಟಾಗಿದೆ. ಆಟದಲ್ಲಿ ಅದನ್ನು ಎಷ್ಟು ಹುಡುಕಿದರೂ ಸಿಗದು. ಎಲ್ಲ ಕಾಯಗಳೂ ಒಂದನ್ನೊಂದು ಎಳೆಯುವುದನ್ನು ನೋಡಬೇಕೆನ್ನುವ ಮಗುವಿಗೆ ಮುಂದೆ ಯೂನಿವರ್ಸ್ ಸ್ಯಾಂಡ್‌ಬಾಕ್ಸ್ ಎಂಬ ಇನ್ನೊಂದು ಆಟ ಇದೆ.

ಇನ್ನು ಕೊಳ್ಳುವವರಿಗೆ ಎರಡು ಮಾತು. ಕರ್ಬಲ್ ಹಣ ಕೊಟ್ಟು ತೆಗೆದುಕೊಳ್ಳುವ ಆಟ. ಮೊದಲನೆಯ ಕರ್ಬಲ್ ಆಟವನ್ನೇ ತೆಗೆದುಕೊಳ್ಳಿ. 2023ರಲ್ಲಿ ಬಂದ ಎರಡನೆಯದು ಅರ್ಧಕ್ಕೇ ನಿಂತಿದೆ. ಶುರುವಿಗೆ ಹಣಕಾಸು ಲೆಕ್ಕ ನೋಡಬೇಕಾದ ಕರಿಯರ್ ವಿಧಾನ ಬೇಡ, ಸೈನ್ಸ್ ವಿಧಾನ ಆರಿಸಿಕೊಳ್ಳಿ. ಅದರಲ್ಲಿ ಹೋದಲ್ಲೆಲ್ಲ ಉಷ್ಣತೆ ಅಳೆದು, ವರದಿ ಬರೆದು ತಂದರೆ ಹೊಸ ಬಿಡಿಭಾಗಗಳು ಒಂದೊಂದಾಗಿ ಸಿಗುತ್ತವೆ. ಮೊದಲ ದಿನವೇ ನೂರಾರು ಭಾಗಗಳನ್ನು ಎದುರಿಗೆ ಸುರಿದು ಮಗುವನ್ನು ಕಂಗೆಡಿಸುವುದಿಲ್ಲ. ಮನೆಯಲ್ಲಿ ಫೋನ್ ಮಾತ್ರ ಇದ್ದರೆ ಸ್ಪೇಸ್‌ಫ್ಲೈಟ್ ಸಿಮ್ಯುಲೇಟರ್ ಎಂಬ ಆಟವಿದೆ. ಕಾಗದದ ಮೇಲಿನ ಚಿತ್ರದಂತೆ ಚಪ್ಪಟೆ, ಆದರೆ ಕಕ್ಷೆಯ ಪಾಠ ಇದೇ, ಶುರುವಿನ ಭಾಗ ಉಚಿತ. ಎರಡರಲ್ಲೂ ಓದಬೇಕಾದದ್ದು ಇಂಗ್ಲಿಷಿನಲ್ಲಿರುವುದರಿಂದ, ಕನ್ನಡ ಶಾಲೆಯ ಮಗುವಾದರೆ ಮೊದಲ ಕೆಲವು ದಿನ ಮನೆಯ ಹಿರಿಯರೊಬ್ಬರು ಪಕ್ಕದಲ್ಲಿ ಕೂತು ಓದಿ ಹೇಳಲಿ. ಕೀಲಿಮಣೆ ಮಾತ್ರ ಮಗುವಿನ ಕೈಯಲ್ಲೇ ಇರಲಿ.