ಮೊದಲ ಮಾತ್ರೆಗೆ ಮುಂಚಿನ ಇಪ್ಪತ್ತು ಮಿಲಿಲೀಟರ್



ಇಂದಿನಿಂದ ಡಾಕ್ಟರ್ ಎನ್ನಿಸಿಕೊಳ್ಳುವ ನಿಮ್ಮಲ್ಲಿ ಕೆಲವರಾದರೂ ಬೈಂದೂರು, ಕುಂದಾಪುರ, ಬ್ರಹ್ಮಾವರದ ಕಡೆಯ ಆಸ್ಪತ್ರೆಗಳಿಗೆ ಹೋಗುವವರು. ಅಲ್ಲಿ ನಿಮ್ಮೆದುರು ಬಂದು ಕೂರಬಹುದಾದ ಒಬ್ಬ ರೋಗಿಯನ್ನು ಕಲ್ಪಿಸಿಕೊಳ್ಳೋಣ. ಐವತ್ತು ಕೆ.ಜಿ. ತೂಕದ ಇಪ್ಪತ್ತಾರರ ಹುಡುಗ, ಮುಂಬೈಯ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲಸ. ಊರಿಗೆ ಬಂದು ನಾಲ್ಕು ದಿನ, ಜ್ವರ ಶುರುವಾಗಿ ಆರು ದಿನ. ದಿನದಿಂದ ದಿನಕ್ಕೆ ಏರುತ್ತ ಹೋದ ಜ್ವರ ಈಗ ಸಂಜೆಗೆ 103 ಡಿಗ್ರಿ ಮುಟ್ಟುತ್ತದೆ. ನಾಲಿಗೆಯ ನಡುವೆ ಬಿಳಿ ಲೇಪ, ಅಂಚು ಕೆಂಪು, ಹೊಟ್ಟೆ ತುಸು ಉಬ್ಬರ. ಇಲ್ಲಿಯವರೆಗೆ ಅವನು ನುಂಗಿದ್ದು ಪ್ಯಾರಸಿಟಮಾಲ್ ಮಾತ್ರ. ಇವನಿಗೆ ಟೈಫಾಯ್ಡ್ ಎಂಬ ಗುಮಾನಿ ನಿಮಗೆ ಬರಲೇಬೇಕು. ಮುಂದಿನ ಹತ್ತು ನಿಮಿಷಗಳಲ್ಲಿ, ಮೊದಲ ಆ್ಯಂಟಿಬಯಾಟಿಕ್‌ಗೆ ಮುಂಚೆ, ಅವನ ತೋಳಿನಿಂದ ಕಲ್ಚರಿಗೆ ರಕ್ತ ತೆಗೆಯುತ್ತೀರೋ ಇಲ್ಲವೋ ಎಂಬುದರ ಮೇಲೆ ಮುಂದಿನ ಎರಡು ವಾರಗಳ ಚಿಕಿತ್ಸೆ ನಿಂತಿದೆ. ಇವತ್ತಿನ ನನ್ನ ವಾದ ಇಷ್ಟೇ.

ಒಂದು ಕಾಲದಲ್ಲಿ ಈ ಮಾತಿಗೆ ಇಷ್ಟು ತೂಕವಿರಲಿಲ್ಲ. 1948ರಲ್ಲಿ ಕ್ಲೋರಾಂಫೆನಿಕಾಲ್ ಬಂದ ಮೇಲೆ ಟೈಫಾಯ್ಡ್ ಎಂದರೆ ಒಂದೇ ಔಷಧ; ಕಲ್ಚರ್ ಮಾಡಿದರೂ ಅದೇ, ಮಾಡದಿದ್ದರೂ ಅದೇ. ಆ ನೆಮ್ಮದಿ ಕೆಟ್ಟದ್ದು ನಮ್ಮದೇ ಕರಾವಳಿಯಲ್ಲಿ. 1972ರಲ್ಲಿ ಕಲ್ಲಿಕೋಟೆಯ ರೋಗಿಗಳಲ್ಲಿ ಆ ಔಷಧಕ್ಕೆ ಬಗ್ಗದ ರೋಗಾಣು ಕಂಡಿತು. ಅದೇ ವರ್ಷ ಮೆಕ್ಸಿಕೊದಲ್ಲೂ ದೊಡ್ಡ ಹಾವಳಿ. ತೊಂಬತ್ತರ ದಶಕದ ಹೊತ್ತಿಗೆ ಕ್ಲೋರಾಂಫೆನಿಕಾಲ್, ಆ್ಯಂಪಿಸಿಲಿನ್, ಕೋಟ್ರೈಮಾಕ್ಸಜೋಲ್ ಮೂರಕ್ಕೂ ಜಗ್ಗದ ತಳಿ ದೇಶದ ತುಂಬ ಹಬ್ಬಿತ್ತು. ಆಗ ಎಲ್ಲರೂ ಸಿಪ್ರೊಫ್ಲಾಕ್ಸಾಸಿನ್ ಕಡೆ ತಿರುಗಿದರು.

ಸಿಪ್ರೊಫ್ಲಾಕ್ಸಾಸಿನ್ ಸೋತ ರೀತಿಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಅಲ್ಲಿ ಮೋಸ ಹೋದದ್ದು ಲ್ಯಾಬ್ ಕೂಡ. ರೋಗಾಣುವಿನ ಗೈರೇಸ್ ಎಂಬ ಕಿಣ್ವದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಾದರೆ ಸಾಕು, ಔಷಧದ ಹಿಡಿತ ಸಡಿಲವಾಗುತ್ತದೆ. ಹಿಡಿತ ಪೂರ್ತಿ ತಪ್ಪುವುದಿಲ್ಲ, ಸಡಿಲವಾಗುತ್ತದೆ ಅಷ್ಟೆ. ಹಾಗಾಗಿ ಅಂದಿನ ಅಳತೆಗೋಲಿನಲ್ಲಿ, ಅಂದರೆ ಒಂದು ಮಿಲಿಲೀಟರಿಗೆ 1 ಮೈಕ್ರೊಗ್ರಾಂ ಔಷಧದಲ್ಲಿ ಬೆಳೆಯದಿದ್ದರೆ ಸಾಕು ಎಂಬ ಲೆಕ್ಕದಲ್ಲಿ, ಆ ರೋಗಾಣು ‘ಔಷಧಕ್ಕೆ ಬಗ್ಗುತ್ತದೆ’ ಎಂದೇ ವರದಿಯಾಗುತ್ತಿತ್ತು. ಕಾಗದದಲ್ಲಿ ಔಷಧ ಗೆದ್ದಿದೆ, ವಾರ್ಡಿನಲ್ಲಿ ರೋಗಿಗೆ ಹತ್ತನೇ ದಿನವೂ ಜ್ವರ. 2012ರಲ್ಲಿ ಅಮೆರಿಕದ ಮಾನಕ ಸಂಸ್ಥೆ ಆ ಗೆರೆಯನ್ನು 0.06ಕ್ಕೆ ಇಳಿಸಿತು. ಹೊಸ ಗೆರೆಯಲ್ಲಿ ಅಳೆದರೆ ಇಂದು ಭಾರತದ ಟೈಫಾಯ್ಡ್ ರೋಗಾಣುಗಳಲ್ಲಿ ಬಹುಪಾಲು ಸಿಪ್ರೊಫ್ಲಾಕ್ಸಾಸಿನ್‌ಗೆ ಪೂರ್ತಿ ಬಗ್ಗುವವಲ್ಲ. ಆದರೂ ಸೆಫಿಕ್ಸಿಮ್ ಜೊತೆ ಆಫ್ಲಾಕ್ಸಾಸಿನ್ ಬೆರೆಸಿದ ಮಾತ್ರೆ ಟೈಫಾಯ್ಡಿನ ಹೆಸರಿನಲ್ಲೇ ಮಾರಾಟವಾಗುತ್ತದೆ. ಅದರಲ್ಲಿ ಅರ್ಧ ಬರೀ ಭಾರ.

ಹಾಗಾಗಿ ನಮ್ಮ ಹುಡುಗನಿಗೆ ಉಳಿದಿರುವುದು ಮುಖ್ಯವಾಗಿ ಎರಡು: ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್, ಅಜಿಥ್ರೊಮೈಸಿನ್ ಮಾತ್ರೆ. ಎರಡೂ ಇದ್ದೇ ಇವೆಯಲ್ಲ, ಒಂದನ್ನು ಬರೆದುಕೊಟ್ಟರೆ ಮುಗಿಯಿತು, ಕಲ್ಚರಿನ ರಗಳೆ ಯಾಕೆ ಎಂದು ನೀವು ಕೇಳಬಹುದು. ಅಜಿಥ್ರೊಮೈಸಿನ್ ಕೊಟ್ಟಿರಿ ಎಂದಿಟ್ಟುಕೊಳ್ಳಿ. ಗದ್ದೆ, ತೋಟ, ಕಾಡಂಚಿನ ಈ ಸೀಮೆಯಲ್ಲಿ ಇಲಿಜ್ವರವಿದೆ, ಸ್ಕ್ರಬ್ ಟೈಫಸ್ ಇದೆ. ಆ ಎರಡಕ್ಕೂ ಅಜಿಥ್ರೊಮೈಸಿನ್ ನಾಟುತ್ತದೆ. ಜ್ವರ ಇಳಿದರೆ ಇಳಿದದ್ದು ಯಾವ ಜ್ವರ ಎಂದು ನಿಮಗೂ ತಿಳಿಯುವುದಿಲ್ಲ. ಅಷ್ಟೇ ಅಲ್ಲ, ಟೈಫಾಯ್ಡಿಗೆ ಬೇಕಾದ ಪ್ರಮಾಣ ದಿನಕ್ಕೆ ಕೆ.ಜಿ.ಗೆ 20 ಮಿಲಿಗ್ರಾಂನಂತೆ ಏಳು ದಿನ. ಇವನಿಗೆ ದಿನಕ್ಕೆ 1 ಗ್ರಾಂ, ಒಟ್ಟು 7 ಗ್ರಾಂ. ಮೆಡಿಕಲ್ ಶಾಪಿನಲ್ಲಿ ಸಿಗುವ 500 ಮಿಲಿಗ್ರಾಂನ ಮೂರು ಮಾತ್ರೆಗಳ ಪಟ್ಟಿಯಲ್ಲಿ ಇರುವುದು ಒಂದೂವರೆ ಗ್ರಾಂ. ಅದು ರೋಗಾಣುವನ್ನು ಕೊಲ್ಲದು, ಪಳಗಿಸುತ್ತದೆ.

ಇನ್ನು ಸೆಫ್ಟ್ರಿಯಾಕ್ಸೋನ್. ಇದರಲ್ಲಿ ಜ್ವರ ಇಳಿಯಲು ಒಂದು ವಾರವೇ ಹಿಡಿಯಬಹುದು, ಔಷಧ ಕೆಲಸ ಮಾಡುತ್ತಿದ್ದರೂ. ನಾಲ್ಕನೇ ದಿನ 102 ಡಿಗ್ರಿ ಇರುವಾಗ ಹುಡುಗನ ಅಮ್ಮ “ಎಂತ ಡಾಕ್ಟ್ರೇ, ಕಮ್ಮಿಯೇ ಆಗ್ಲಿಲ್ವಲ್ಲ” ಎನ್ನುತ್ತಾರೆ. ಕೈಯಲ್ಲಿ ವರದಿ ಇಲ್ಲದ ವೈದ್ಯ ಆ ಮಾತಿಗೆ ಕರಗಿ ಮೆರೊಪೆನೆಮ್‌ಗೆ ಏರುತ್ತಾನೆ. ‘ಸಾಲ್ಮೊನೆಲ್ಲಾ ಟೈಫಿ, ಸೆಫ್ಟ್ರಿಯಾಕ್ಸೋನ್‌ಗೆ ಬಗ್ಗುತ್ತದೆ’ ಎಂಬ ವರದಿ ಇದ್ದವನು ಹೊಟ್ಟೆ ಮುಟ್ಟಿ ನೋಡಿ, ಕರುಳು ತೂತಾದ ಅಥವಾ ರಕ್ತ ಸುರಿದ ಲಕ್ಷಣ ಇಲ್ಲವೆಂದು ಖಚಿತ ಮಾಡಿಕೊಂಡು, ಅದೇ ಔಷಧ ಮುಂದುವರಿಸುತ್ತಾನೆ. ಔಷಧ ಯಾವುದೆಂದು ಹೇಳುವುದಕ್ಕಿಂತಲೂ, ಔಷಧವನ್ನು ಬದಲಿಸದಿರುವ ಧೈರ್ಯ ಕೊಡುವುದೇ ಕಲ್ಚರಿನ ದೊಡ್ಡ ಉಪಕಾರ ಎಂದು ನನ್ನ ಎಣಿಕೆ. ವರದಿ ಉಲ್ಟಾ ಬರುವ ಕಾಲವೂ ದೂರವಿಲ್ಲ. 2016ರಿಂದ ಪಾಕಿಸ್ತಾನದ ಸಿಂಧ್ ಪ್ರಾಂತ್ಯದ ಹೈದರಾಬಾದಿನಿಂದ ಹಬ್ಬಿದ ತಳಿಗೆ ಸೆಫ್ಟ್ರಿಯಾಕ್ಸೋನ್ ನಾಟುವುದೇ ಇಲ್ಲ. ಅಲ್ಲಿ ಬಾಯಿಂದ ಕೊಡಲು ಉಳಿದದ್ದು ಅಜಿಥ್ರೊಮೈಸಿನ್ ಒಂದೇ.

ವರದಿ ಬರಲು ಮೂರು ನಾಲ್ಕು ದಿನ ಬೇಕು, ರೋಗಿ ಕಾಯುತ್ತಾನೆಯೇ? ಕಾಯಬೇಕಾಗಿಲ್ಲ. ರಕ್ತ ತೆಗೆದ ಮರುಕ್ಷಣ ಚಿಕಿತ್ಸೆ ಶುರುಮಾಡಿ. ನಿಜವಾದ ಕೊರತೆ ಬೇರೆಯದು: ಕಲ್ಚರ್ ಮಾಡಿದರೂ ಸುಮಾರು ಅರ್ಧದಷ್ಟು ಟೈಫಾಯ್ಡ್ ತಪ್ಪಿಹೋಗುತ್ತದೆ. ಟೈಫಾಯ್ಡ್ ರೋಗಿಯ ಒಂದು ಮಿಲಿಲೀಟರ್ ರಕ್ತದಲ್ಲಿ ಅನೇಕ ವೇಳೆ ಒಂದು ರೋಗಾಣುವೂ ಇರುವುದಿಲ್ಲ. ಎರಡು ಮಿಲಿಲೀಟರ್ ತೆಗೆದು ‘ಬೆಳೆಯಲಿಲ್ಲ’ ಎಂದರೆ ಏನನ್ನೂ ಹೇಳಿದಂತಾಗಲಿಲ್ಲ. ವಯಸ್ಕರಿಗೆ ಬಾಟಲಿಗೆ ಎಂಟು ಹತ್ತು ಮಿಲಿಲೀಟರ್, ಎರಡು ಬಾಟಲಿ. ಊರಿನಲ್ಲಿ ಲ್ಯಾಬ್ ಇಲ್ಲದಿದ್ದರೆ ಬಾಟಲಿ ಅದೇ ದಿನ ಹೆದ್ದಾರಿ ಹಿಡಿದು ಕುಂದಾಪುರಕ್ಕೋ ಮಣಿಪಾಲಕ್ಕೋ ಹೋಗಲಿ. ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ, ತಣ್ಣಗಾದರೆ ರೋಗಾಣು ಬೆಳೆಯುವುದಿಲ್ಲ. ಅರ್ಧ ಗಂಟೆಯಲ್ಲಿ ಉತ್ತರ ಹೇಳುವ ವಿಡಾಲ್ ಇದೆಯಲ್ಲ ಎಂದರೆ, 1896ರ ಆ ಪರೀಕ್ಷೆ ಹಳೆಯ ಸೋಂಕಿನ ನೆನಪನ್ನೂ ಇಂದಿನ ಜ್ವರವೆಂದು ತೋರಿಸಬಲ್ಲದು. ಯಾವ ಔಷಧ ನಾಟುತ್ತದೆ ಎಂಬ ಪ್ರಶ್ನೆಗಂತೂ ಅದರ ಬಳಿ ಉತ್ತರವೇ ಇಲ್ಲ.

ಕಲ್ಚರ್ ವರದಿಗಳು ಒಟ್ಟುಗೂಡಿದ್ದರಿಂದಲೇ ತಿಳಿದುಬಂದ ಒಂದು ಸಂಗತಿಯೂ ಇದೆ. ಬಳಕೆ ತಗ್ಗಿದ ಮೇಲೆ ಭಾರತದ ಬಹುತೇಕ ರೋಗಾಣುಗಳು ಕ್ಲೋರಾಂಫೆನಿಕಾಲ್‌ಗೂ ಕೋಟ್ರೈಮಾಕ್ಸಜೋಲ್‌ಗೂ ಮತ್ತೆ ಬಗ್ಗುತ್ತಿವೆ. ಹಾಗಾದರೆ ಎಲ್ಲರಿಗೂ ಹಳೆಯದನ್ನೇ ಕೊಡೋಣವೇ ಎಂದರೆ ನಾನು ಒಪ್ಪುವುದಿಲ್ಲ. ಕ್ಲೋರಾಂಫೆನಿಕಾಲ್ ದಿನಕ್ಕೆ ನಾಲ್ಕು ಹೊತ್ತು, ಎರಡು ಮೂರು ವಾರ. ಅಪರೂಪಕ್ಕಾದರೂ ಮೂಳೆಮಜ್ಜೆಯನ್ನೇ ಕೊಲ್ಲುತ್ತದೆ. ಕುರುಡಾಗಿ ಬಳಸಿದರೆ 1972 ಮರಳಿ ಬರುತ್ತದೆ. ವರದಿ ನೋಡಿ, ಬೇರೆ ದಾರಿಯಿಲ್ಲದವನಿಗೆ ಕೊಡುವ ಮೀಸಲು ಔಷಧವಾಗಿ ಅದು ಉಳಿಯಲಿ.

ನಮ್ಮ ಹುಡುಗ ಚಿಕಿತ್ಸೆಯ ಆರನೇ ದಿನ ಜ್ವರ ಬಿಟ್ಟು, ಗಂಜಿ ಉಂಡು, ಮುಂಬೈ ಬಸ್ಸಿಗೆ ಟಿಕೆಟ್ ಮಾಡಿಸುವ ಮಾತಾಡುತ್ತಾನೆ. ಸೆಫ್ಟ್ರಿಯಾಕ್ಸೋನ್ ಕನಿಷ್ಠ ಹತ್ತು ದಿನ ಪೂರ್ತಿಯಾಗಲಿ. ಗುಣವಾದವರಲ್ಲಿ ನೂರಕ್ಕೆ ಒಬ್ಬರಿಂದ ಐವರು, ಅದರಲ್ಲೂ ಪಿತ್ತಕೋಶದಲ್ಲಿ ಕಲ್ಲಿರುವವರು, ತಿಂಗಳುಗಟ್ಟಲೆ ಮಲದಲ್ಲಿ ರೋಗಾಣು ಬಿಡುತ್ತಿರುತ್ತಾರೆ. ಇವನು ಮರಳುವುದು ಅಡುಗೆಮನೆಗೆ. ಔಷಧ ಮುಗಿದ ಮೇಲೆ ಅಂತರ ಬಿಟ್ಟು ಮೂರು ಸಲ ಮಲದ ಕಲ್ಚರ್ ಮಾಡಿಸಬೇಕು. ಮೂರರಲ್ಲೂ ಏನೂ ಬೆಳೆಯದ ಮೇಲೆ ಅವನು ದೋಸೆ ಕಾವಲಿಯ ಮುಂದೆ ನಿಲ್ಲಲಿ.